ವಿಮಾನದಲ್ಲಿ ನಿದ್ದೆ ಮಾತ್ರೆ: ಲೆಕ್ಕ ಹಾಕಬೇಕಾದದ್ದು ಇಳಿಯುವ ಹೊತ್ತಿನಿಂದ

ಬೆಂಗಳೂರಿನಿಂದ ಯುರೋಪಿಗೆ ಹೋಗುವ ವಿಮಾನಗಳಲ್ಲಿ ಹಲವು ಹೊರಡುವುದು ಮಧ್ಯರಾತ್ರಿ ಕಳೆದ ಮೇಲೆ. ಮೈಸೂರಿನಿಂದಲೋ ಹಾಸನದಿಂದಲೋ ಸಂಜೆಯೇ ಕಾರು ಹತ್ತಿದವರು ದೇವನಹಳ್ಳಿಯಲ್ಲಿ ಲಗೇಜು, ಇಮಿಗ್ರೇಷನ್, ಸೆಕ್ಯುರಿಟಿ ಎಲ್ಲ ಮುಗಿಸಿ ಸೀಟಿನಲ್ಲಿ ಕೂರುವಷ್ಟರಲ್ಲಿ ಬೆಳಗಿನ ಜಾವವಾಗಿರುತ್ತದೆ. ಕಣ್ಣು ಉರಿಯುತ್ತಿರುತ್ತದೆ, ಆದರೂ ನಿದ್ದೆ ಹತ್ತುವುದಿಲ್ಲ. ಆಗ ಪರ್ಸಿನಿಂದ ಒಂದು ಮಾತ್ರೆ ಹೊರಬರುತ್ತದೆ. ಯಾರೋ ಪರಿಚಯದವರು ಕೊಟ್ಟದ್ದು, ಇಲ್ಲವೇ ಮನೆಯಲ್ಲಿ ಯಾರಿಗೋ ಬರೆದುಕೊಟ್ಟದ್ದರಲ್ಲಿ ಉಳಿದದ್ದು. ಸೀಟ್ ಬೆಲ್ಟ್ ಹಾಕಿದ ಕೂಡಲೇ ನುಂಗಿಬಿಟ್ಟರೆ ಇಳಿಯುವವರೆಗೂ ಚಿಂತೆಯಿಲ್ಲ ಎಂಬ ಲೆಕ್ಕ ಅದು.

ಈ ಲೆಕ್ಕ ತಲೆಕೆಳಗಾಗಿದೆ. ಮಾತ್ರೆಯನ್ನು ಯಾವಾಗ ನುಂಗಬೇಕು, ನುಂಗಬೇಕೋ ಬೇಡವೋ ಎಂಬುದನ್ನು ಹೇಳುವುದು ವಿಮಾನ ಹೊರಡುವ ಹೊತ್ತಲ್ಲ, ಕೆಳಗಿಳಿಯಲು ಶುರುಮಾಡುವ ಹೊತ್ತು. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಹತ್ತು ಗಂಟೆಯ ಹಾರಾಟದಲ್ಲೂ ಮಾತ್ರೆಗೆ ಸಿಗುವ ಜಾಗ ತೀರಾ ಚಿಕ್ಕದು ಎಂದು ಗೊತ್ತಾಗುತ್ತದೆ. ಇನ್ನೂ ಉದ್ದದ ಹಾರಾಟಗಳಲ್ಲಿ ಸಮಯ ಧಾರಾಳವಾಗಿ ಸಿಗುತ್ತದೆ, ಆದರೆ ಅಲ್ಲಿ ಕಾಲುಗಳ ಪ್ರಶ್ನೆ ಎದುರಾಗುತ್ತದೆ. ಇವೆರಡನ್ನೂ ಸ್ವಲ್ಪ ನಿಧಾನವಾಗಿ ನೋಡೋಣ.

ಯಾವ ಮಾತ್ರೆ ಎಂಬುದು ಮೊದಲ ಪ್ರಶ್ನೆ

ನಾವು ಎಲ್ಲವನ್ನೂ ‘ನಿದ್ದೆ ಮಾತ್ರೆ’ ಎಂದೇ ಕರೆದರೂ ಒಂದಕ್ಕೂ ಇನ್ನೊಂದಕ್ಕೂ ಬಹಳ ಅಂತರವಿದೆ. ಎಷ್ಟು ಬೇಗ ನಿದ್ದೆ ತರುತ್ತದೆ ಎಂಬುದಕ್ಕಿಂತ ಎಷ್ಟು ಹೊತ್ತು ಮೈಯಲ್ಲಿ ಉಳಿಯುತ್ತದೆ ಎಂಬುದು ಪ್ರಯಾಣಿಕರಿಗೆ ಮುಖ್ಯ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾಗುವ ಸಮಯವನ್ನು ವೈದ್ಯರು ಅರ್ಧಾಯುಷ್ಯ ಎನ್ನುತ್ತಾರೆ. ಜೋಲ್ಪಿಡೆಮ್ ಎಂಬ ಮಾತ್ರೆಗೆ ಇದು ಸುಮಾರು ಎರಡೂವರೆ ಗಂಟೆ. ನಮ್ಮಲ್ಲಿ ಮನೆಮನೆಯಲ್ಲೂ ಹೆಸರು ಗೊತ್ತಿರುವ ಅಲ್ಪ್ರಾಜೋಲಾಮ್‌ಗೆ ಸರಾಸರಿ 11 ಗಂಟೆ, ವಯಸ್ಸಾದವರಲ್ಲಿ ಅದು 16 ಗಂಟೆಯವರೆಗೂ ಹೋಗುತ್ತದೆ. ಕ್ಲೋನಾಜೆಪಾಮ್‌ಗೆ 30ರಿಂದ 40 ಗಂಟೆ.

ಅಂದರೆ ಬೆಳಗಿನ ಜಾವ ಬೆಂಗಳೂರಿನಲ್ಲಿ ನುಂಗಿದ ಕ್ಲೋನಾಜೆಪಾಮ್, ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವಾಗಲೂ, ಅಲ್ಲಿ ಇನ್ನೊಂದು ವಿಮಾನ ಹತ್ತಿ ಅಮೆರಿಕ ತಲುಪುವಾಗಲೂ ಅರ್ಧಕ್ಕಿಂತ ಹೆಚ್ಚು ಮೈಯಲ್ಲೇ ಇರುತ್ತದೆ. ಅದನ್ನು ಆತಂಕಕ್ಕೋ ಮೂರ್ಛೆರೋಗಕ್ಕೋ ದಿನವೂ ತೆಗೆದುಕೊಳ್ಳುವವರ ಮಾತು ಬೇರೆ. ಅವರು ಪ್ರಯಾಣದ ದಿನವೂ ವೈದ್ಯರು ಹೇಳಿದಂತೆಯೇ ಮುಂದುವರಿಸಬೇಕು, ತಾವಾಗಿಯೇ ನಿಲ್ಲಿಸಲೇಬಾರದು. ಆದರೆ ವಿಮಾನದಲ್ಲಿ ಒಂದು ರಾತ್ರಿ ಕಳೆಯಲೆಂದು ಹೊಸದಾಗಿ ಇದನ್ನು ನುಂಗುವುದು ನನ್ನ ದೃಷ್ಟಿಯಲ್ಲಿ ಯಾವ ರೀತಿಯಲ್ಲೂ ಸರಿಯಲ್ಲ. ಅಲ್ಪ್ರಾಜೋಲಾಮ್ ವಿಷಯದಲ್ಲೂ, ಅದರಲ್ಲೂ ಅರವತ್ತು ದಾಟಿದವರಿಗೆ, ನಾನು ಇದನ್ನೇ ಹೇಳುತ್ತೇನೆ.

ಬ್ರಿಟನ್ನಿನಲ್ಲಿ ಹಲವು ಕುಟುಂಬ ವೈದ್ಯರ ಕ್ಲಿನಿಕ್‌ಗಳು ವಿಮಾನಯಾನಕ್ಕೆಂದು ಡೈಯಾಜೆಪಾಮ್ ಬರೆದುಕೊಡುವುದಿಲ್ಲ ಎಂದು ಬಹಿರಂಗವಾಗಿಯೇ ತಿಳಿಸಿವೆ. ಅವರು ಕೊಡುವ ಕಾರಣಗಳು ಮುಖ್ಯವಾಗಿ ಎರಡು. ಔಷಧದ ನಿದ್ದೆಯಲ್ಲಿ ಮನುಷ್ಯ ಅಲುಗಾಡದೆ ಬಿದ್ದಿರುತ್ತಾನೆ, ಅದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ತುರ್ತು ಸಂದರ್ಭದಲ್ಲಿ ತನ್ನನ್ನೂ ಉಳಿಸಿಕೊಳ್ಳಲಾರ, ಪಕ್ಕದವರಿಗೂ ಅಡ್ಡಿಯಾಗುತ್ತಾನೆ.

ಇನ್ನು ಚೀಟಿಯಿಲ್ಲದೆ ಸಿಗುವ ಅಲರ್ಜಿ, ನೆಗಡಿ ಮಾತ್ರೆಗಳು. ‘ಅವಿಲ್ ಹಾಕಿಕೊಂಡರೆ ಒಳ್ಳೆ ನಿದ್ದೆ ಬರುತ್ತೆ’ ಎನ್ನುವವರು ಬಹಳ ಮಂದಿ. ಈ ಹಳೆಯ ತಲೆಮಾರಿನ ಅಲರ್ಜಿ ಮಾತ್ರೆಗಳ ಮಂಪರು ಮರುದಿನದವರೆಗೂ ಎಳೆಯುತ್ತದೆ. ಪ್ರಾಸ್ಟೇಟ್ ತೊಂದರೆಯಿರುವ ಗಂಡಸರಿಗೆ ಮೂತ್ರ ಕಟ್ಟಬಹುದು, ವಯಸ್ಸಾದವರಿಗೆ ದಿಕ್ಕೇ ತೋಚದಂತಾಗಬಹುದು. ಚೀಟಿ ಬೇಡ ಎಂದ ಮಾತ್ರಕ್ಕೆ ಸೌಮ್ಯ ಎಂದುಕೊಳ್ಳಬೇಡಿ.

ಹೀಗೆ ಸೋಸುತ್ತ ಬಂದರೆ ವೈದ್ಯರು ಪ್ರಯಾಣಕ್ಕೆಂದು ಒಪ್ಪಬಹುದಾದದ್ದು ಬೇಗ ಇಳಿದುಹೋಗುವ ಮಾತ್ರೆ ಮಾತ್ರ, ಸಾಮಾನ್ಯವಾಗಿ ಜೋಲ್ಪಿಡೆಮ್. ಅದರಲ್ಲೂ ಎರಡು ಬಗೆಯಿದೆ: ಮಾಮೂಲಿನದು ಮತ್ತು ನಿಧಾನವಾಗಿ ಬಿಡುಗಡೆಯಾಗುವುದು. ವಿಮಾನಕ್ಕೆ ಎರಡನೆಯದು ಬೇಡವೇ ಬೇಡ. ಪ್ರಮಾಣವೂ ಮುಖ್ಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಹೆಂಗಸರಿಗೆ ಜೋಲ್ಪಿಡೆಮ್ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿತು. 10 ಮಿಲಿಗ್ರಾಂ ನುಂಗಿ ಎಂಟು ಗಂಟೆ ಕಳೆದ ಮೇಲೂ ಸುಮಾರು ಶೇ 15ರಷ್ಟು ಹೆಂಗಸರ ರಕ್ತದಲ್ಲಿ, ವಾಹನ ಓಡಿಸಲು ಅಡ್ಡಿಯಾಗುವಷ್ಟು ಔಷಧ ಉಳಿದಿತ್ತು ಎಂಬುದು ಅದಕ್ಕೆ ಕಾರಣ. ಗಂಡಸರಲ್ಲಿ ಆ ಪ್ರಮಾಣ ಶೇ 3. ಹೆಂಗಸರ ಮೈ ಈ ಔಷಧವನ್ನು ನಿಧಾನವಾಗಿ ಹೊರಹಾಕುತ್ತದೆ. ವಯಸ್ಸಾದವರಿಗೂ 5 ಮಿಲಿಗ್ರಾಮೇ ಮಿತಿ. ಗಂಡನಿಗೆ ಬರೆದುಕೊಟ್ಟ 10ರ ಮಾತ್ರೆಯನ್ನು ಹೆಂಡತಿಯೂ ನುಂಗುವುದು ಎಷ್ಟು ತಪ್ಪು ಎಂಬುದು ಇದರಿಂದಲೇ ತಿಳಿಯುತ್ತದೆ.

ಒಂದು ಪ್ರಯಾಣದ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅರವತ್ತೆರಡು ವರ್ಷದ ತಾಯಿಯೊಬ್ಬರು ಮಗಳ ಬಾಣಂತನಕ್ಕೆ ಜರ್ಮನಿಗೆ ಹೊರಟಿದ್ದಾರೆ. ವೈದ್ಯರು ಪರೀಕ್ಷಿಸಿ 5 ಮಿಲಿಗ್ರಾಂ ಜೋಲ್ಪಿಡೆಮ್ ಬರೆದುಕೊಟ್ಟಿದ್ದಾರೆ. ವಿಮಾನ ನೆಲ ಬಿಡುವುದು ಭಾರತದ ಸಮಯ ಬೆಳಗಿನ ಜಾವ 3.30ಕ್ಕೆ, ಹಾರಾಟ ಹತ್ತು ಗಂಟೆ, ಇಳಿಯುವುದು ಮಧ್ಯಾಹ್ನ 1.30ಕ್ಕೆ. ಇಳಿಯುವವರೆಗೆ ಕೈಗಡಿಯಾರ ಭಾರತದ ಸಮಯದಲ್ಲೇ ಇರಲಿ. ಜರ್ಮನಿಯ ಸಮಯ, ವಿಮಾನದ ಪರದೆಯ ಸಮಯ ಎಲ್ಲ ಕಲಸಿಹೋದರೆ ಈ ಲೆಕ್ಕ ಖಂಡಿತ ತಪ್ಪುತ್ತದೆ.

ಇಳಿಯುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲು, ಅಂದರೆ ಒಂದು ಗಂಟೆಗೆ, ವಿಮಾನ ಎತ್ತರ ಕಳೆದುಕೊಳ್ಳಲು ಶುರುಮಾಡುತ್ತದೆ. ಅಷ್ಟರಲ್ಲಿ ಅವರು ಪೂರ್ತಿ ಎಚ್ಚರಾಗಿ, ಶೌಚಾಲಯಕ್ಕೆ ಹೋಗಿಬಂದು, ನಾಲ್ಕು ಹೆಜ್ಜೆ ಓಡಾಡಿ, ಏನಾದರೂ ಕುಡಿದು ಕೂತಿರಬೇಕು. ಇದಕ್ಕೆಲ್ಲ ಒಂದು ಗಂಟೆ ಬಿಡೋಣ. ಹಾಗಾದರೆ ಹನ್ನೆರಡಕ್ಕೆ ಮಂಪರು ಇಳಿದಿರಬೇಕು. ಜೋಲ್ಪಿಡೆಮ್ ನುಂಗುವವರಿಗೆ ಏಳುವ ಮೊದಲು ಏಳೆಂಟು ಗಂಟೆ ಬಿಡುವಿರಬೇಕು ಎಂಬುದು ಔಷಧದ ಜೊತೆಗೇ ಬರುವ ಸೂಚನೆ. ಹನ್ನೆರಡರಿಂದ ಎಂಟು ಗಂಟೆ ಹಿಂದಕ್ಕೆ ಎಣಿಸಿದರೆ ಬೆಳಗಿನ ಜಾವ ನಾಲ್ಕು. ಏಳು ಗಂಟೆ ಎಣಿಸಿದರೆ ಐದು. ಅಂದರೆ ಈ ಹತ್ತು ಗಂಟೆಯ ಹಾರಾಟದಲ್ಲಿ ಅವರಿಗೆ ಸಿಗುವುದು ನಾಲ್ಕರಿಂದ ಐದರವರೆಗಿನ ಒಂದೇ ಗಂಟೆ. ಐದಾದ ಮೇಲೂ ನುಂಗಿಲ್ಲ ಎಂದರೆ ಮಾತ್ರೆ ಪರ್ಸಿಗೆ ವಾಪಸ್ಸು ಹೋಗಬೇಕು.

ಇಲ್ಲೊಂದು ತೊಡಕಿದೆ. ಜೋಲ್ಪಿಡೆಮ್ ಅನ್ನು ಊಟದ ಜೊತೆ ಅಥವಾ ಊಟವಾದ ಕೂಡಲೇ ತೆಗೆದುಕೊಂಡರೆ ಅದರ ಕೆಲಸ ತಡವಾಗಿ ಶುರುವಾಗುತ್ತದೆ. ವಿಮಾನದಲ್ಲಿ ಊಟದ ಗಾಡಿ ಬರುವುದೇ ಹೊರಟ ಒಂದು ಗಂಟೆಯ ಆಸುಪಾಸಿನಲ್ಲಿ, ಅಂದರೆ ನಾಲ್ಕೂವರೆಗೆ. ಊಟ ಮಾಡಿ, ಟ್ರೇ ತೆಗೆಯುವವರೆಗೆ ಕಾದು, ಆಮೇಲೆ ನುಂಗಿದರೆ ನಿದ್ದೆ ಬರುವುದೂ ತಡ, ಹೋಗುವುದೂ ತಡ. ಆದ್ದರಿಂದ ಈ ತಾಯಿ ಊಟವೋ ಮಾತ್ರೆಯೋ ಎಂದು ಮೊದಲೇ ನಿರ್ಧರಿಸಿರಬೇಕು. ಮಾತ್ರೆ ಎಂದಾದರೆ ಮನೆಯಿಂದ ಕಟ್ಟಿಕೊಂಡ ಚಪಾತಿಯನ್ನೋ ಮೊಸರನ್ನವನ್ನೋ ವಿಮಾನ ನಿಲ್ದಾಣದಲ್ಲೇ ಹನ್ನೆರಡೂವರೆ, ಒಂದರೊಳಗೆ ಮುಗಿಸಿಕೊಳ್ಳುವುದು ಸರಿ. ವಿಮಾನ ಮೇಲೇರಿ, ಸೀಟ್ ಬೆಲ್ಟ್ ದೀಪ ಆರಿ, ಒಮ್ಮೆ ಶೌಚಾಲಯಕ್ಕೆ ಹೋಗಿಬಂದ ಮೇಲೆ ಮಾತ್ರೆ. ನಡುವೆ ಎಂಟು ಗಂಟೆಗೆ ಎಚ್ಚರವಾಯಿತು, ಮತ್ತೆ ನಿದ್ದೆ ಬರುತ್ತಿಲ್ಲ ಎಂದರೂ ಇನ್ನೊಂದು ನುಂಗುವಂತಿಲ್ಲ. ಒಂದು ರಾತ್ರಿಗೆ ಒಂದೇ.

ಹೊರಡುವ ಮೊದಲೇ ನುಂಗಿದರೆ ಏನಾಗುತ್ತದೆ? ಚಳಿಗಾಲದ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಮಂಜು ಕವಿಯುವುದು ಬೆಂಗಳೂರಿನವರಿಗೆ ಗೊತ್ತೇ ಇದೆ. ಎರಡು ತಾಸು ರನ್‌ವೇ ಪಕ್ಕದಲ್ಲೇ ಕಾಯಬೇಕಾಗಬಹುದು. ತಾಂತ್ರಿಕ ತೊಂದರೆಯಾದರೆ ಎಲ್ಲರನ್ನೂ ಇಳಿಸಿ, ಬಸ್ಸು ಹತ್ತಿಸಿ, ಮತ್ತೆ ಗೇಟಿಗೆ ಕಳಿಸಬಹುದು. ಜೋಲ್ಪಿಡೆಮ್ ಅರ್ಧ ಗಂಟೆಯೊಳಗೇ ಹಿಡಿತಕ್ಕೆ ತೆಗೆದುಕೊಳ್ಳುವ ಮಾತ್ರೆ. ಅದನ್ನು ನುಂಗಿದವರು ಕೈಯಲ್ಲಿ ಬ್ಯಾಗು ಹಿಡಿದು ವಿಮಾನದ ಕಡಿದಾದ ಮೆಟ್ಟಿಲು ಇಳಿಯುವುದನ್ನು ಊಹಿಸಿಕೊಳ್ಳಿ. ವಿಮಾನ ಆಕಾಶದಲ್ಲಿ ನೆಲೆಯಾಗುವವರೆಗೆ ಮಾತ್ರೆ ಕವಚದಿಂದ ಹೊರಬರಬಾರದು ಎಂಬ ನಿಯಮಕ್ಕೆ ನಾನು ಯಾವ ವಿನಾಯಿತಿಯನ್ನೂ ಕಾಣೆ.

ಇದೇ ಲೆಕ್ಕವನ್ನು ಬೆಂಗಳೂರು–ದುಬೈ ಪ್ರಯಾಣಕ್ಕೆ ಹಾಕಿದರೆ ಉತ್ತರ ಒಂದೇ ಸಾಲಿನದು: ನಾಲ್ಕು ಗಂಟೆಯ ಹಾರಾಟಕ್ಕೆ ಮಾತ್ರೆಯೇ ಇಲ್ಲ. ದುಬೈ ಮೂಲಕ ಅಮೆರಿಕಕ್ಕೆ ಹೋಗುವವರು ನುಂಗುವುದಾದರೆ ಎರಡನೆಯ, ಉದ್ದದ ಹಾರಾಟದಲ್ಲಿ ಮಾತ್ರ.

ಕೂತ ಕಾಲುಗಳಲ್ಲಿ ಏನಾಗುತ್ತದೆ

ಹೃದಯ ಕಾಲಿಗೆ ಕಳಿಸಿದ ರಕ್ತ ವಾಪಸ್ಸು ಮೇಲಕ್ಕೆ ಬರಲು ಮೀನಖಂಡದ ಸ್ನಾಯುಗಳ ಸಹಾಯ ಬೇಕು. ನಾವು ಹೆಜ್ಜೆ ಹಾಕಿದಾಗ ಆ ಸ್ನಾಯುಗಳು ಬಿಗಿದು ಒಳಗಿನ ರಕ್ತನಾಳಗಳನ್ನು ಹಿಂಡುತ್ತವೆ, ನಾಳದೊಳಗಿನ ಕವಾಟಗಳು ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ. ಊರಿನ ಬೋರ್‌ವೆಲ್ಲಿನ ಕೈಪಂಪನ್ನು ಒತ್ತಿದಷ್ಟೂ ನೀರು ಮೇಲೇರುವ ಹಾಗೆಯೇ ಇದು. ಒತ್ತುವ ಕೈ ನಿಂತರೆ ನೀರೂ ನಿಂತಿತು. ಮೊಣಕಾಲು ಮಡಚಿ ಕೂತಾಗ ಈ ಪಂಪು ನಿಲ್ಲುತ್ತದೆ. ಜೊತೆಗೆ ಸೀಟಿನ ಅಂಚು ಮೊಣಕಾಲ ಹಿಂದಿನ ನಾಳವನ್ನು ಒತ್ತುತ್ತಿರುತ್ತದೆ. ನಿಂತ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪಿನ ಚೂರು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಇದು ವಿಮಾನಗಳು ಹುಟ್ಟುಹಾಕಿದ ಕಾಯಿಲೆಯಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ರಾತ್ರಿಯಿಡೀ ಆಶ್ರಯತಾಣಗಳಲ್ಲಿ ಮಡಚುವ ಕುರ್ಚಿಗಳ ಮೇಲೆ ಕೂತು ನಿದ್ದೆಹೋಗುತ್ತಿದ್ದರು. ಅಲ್ಲಿಂದ ಹೊರಬಂದವರಲ್ಲಿ ಕೆಲವರು ಇದ್ದಕ್ಕಿದ್ದಂತೆ ಸಾಯುವುದನ್ನು ಗಮನಿಸಿದವರು ಕೀತ್ ಸಿಂಪ್ಸನ್ ಎಂಬ ರೋಗಶಾಸ್ತ್ರಜ್ಞ. ಕಾಲಿನಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಏರಿದ್ದೇ ಕಾರಣ ಎಂದು ಅವರು ಅದೇ ವರ್ಷ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕುರ್ಚಿ ಬಿಟ್ಟು, ಕಾಲು ಚಾಚಿ ಮಲಗುವ ಮಂಚಗಳನ್ನು ಹಾಕಿ ಎಂಬುದು ಅವರ ಸಲಹೆ. ಇಕಾನಮಿ ಸೀಟಿನಲ್ಲಿ ಕೂತೇ ಗಾಢವಾಗಿ ನಿದ್ದೆಹೋಗುವವರ ಸ್ಥಿತಿ ಆ ಕುರ್ಚಿಗಳಿಗೆ ಬಹಳ ಹತ್ತಿರದ್ದು.

ಅಪಾಯ ಎಷ್ಟು ದೊಡ್ಡದು? ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗಿಂತ ಉದ್ದದ ಪ್ರಯಾಣ ಹೆಪ್ಪುಗಟ್ಟುವ ಸಾಧ್ಯತೆಯನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಆದರೂ ಆರೋಗ್ಯವಂತರಲ್ಲಿ ಅದು ಆರು ಸಾವಿರದಲ್ಲಿ ಒಬ್ಬರಿಗೆ ಆಗುವಂಥದ್ದು. ಹಾಗಾಗಿ ಎಲ್ಲರೂ ಹೆದರಿ ಕೂರಬೇಕಿಲ್ಲ. ಹಿಂದೊಮ್ಮೆ ಹೆಪ್ಪುಗಟ್ಟಿದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ಇರುವವರು, ಗರ್ಭಿಣಿಯರು, ಬಾಣಂತಿಯರು, ಗರ್ಭನಿರೋಧಕ ಅಥವಾ ಹಾರ್ಮೋನ್ ಮಾತ್ರೆ ನುಂಗುವವರು, ಬಹಳ ದಪ್ಪಗಿರುವವರು – ಇವರಿಗೆ ಅಪಾಯ ಎಷ್ಟೋ ಪಟ್ಟು ಹೆಚ್ಚು. ಮುಟ್ಟು ಮುಂದೂಡಲು ಪ್ರಯಾಣಕ್ಕೆ ಮುಂಚೆ ಮಾತ್ರೆ ತೆಗೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಸಾಮಾನ್ಯ. ಅದೂ ಹಾರ್ಮೋನೇ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ.

ಇದರಲ್ಲಿ ನಿದ್ದೆ ಮಾತ್ರೆಯ ಪಾತ್ರವೇನು? ಸಹಜ ನಿದ್ದೆಯಲ್ಲಿ, ಅದೂ ಅನಾನುಕೂಲದ ಸೀಟಿನಲ್ಲಿ, ಮೈ ತನ್ನಷ್ಟಕ್ಕೆ ತಾನೇ ಮಗ್ಗುಲು ಬದಲಿಸುತ್ತದೆ. ಕಾಲು ಜೋಮು ಹಿಡಿದರೆ ಎಚ್ಚರವಾಗುತ್ತದೆ, ಚಾಚುತ್ತೇವೆ, ಬೈದುಕೊಳ್ಳುತ್ತ ಎದ್ದು ಓಡಾಡುತ್ತೇವೆ. ವಿಮಾನದಲ್ಲಿ ಪದೇ ಪದೇ ನಿದ್ದೆ ಕೆಡುವುದು ನಿಜಕ್ಕೂ ಕಾಲುಗಳಿಗೆ ರಕ್ಷಣೆ. ಮಾತ್ರೆ ಈ ಕರೆಯನ್ನೇ ಅಡಗಿಸುತ್ತದೆ. ಕಾಲಮೇಲೆ ಕಾಲು ಹಾಕಿ, ಕುತ್ತಿಗೆ ಒಂದು ಕಡೆ ವಾಲಿಸಿ ನಿದ್ದೆಹೋದವರು ನಾಲ್ಕೈದು ಗಂಟೆ ಅದೇ ಭಂಗಿಯಲ್ಲೇ ಇರಬಲ್ಲರು. ಜೊತೆಗೆ ಮದ್ಯ ಸೇರಿದರಂತೂ ಕೇಳುವುದೇ ಬೇಡ.

‘ಹಾಗಾದರೆ ನಡುವೆ ಎಬ್ಬಿಸಿ ಓಡಾಡಿಸಿದರಾಯಿತು’ ಎನಿಸಬಹುದು. ಅದೂ ಸುಲಭವಲ್ಲ. ಜೋಲ್ಪಿಡೆಮ್ ನುಂಗಿ ಮೂರು ಗಂಟೆಯಾದವರನ್ನು ಎಬ್ಬಿಸಿ, ಕತ್ತಲಲ್ಲಿ, ಅಲುಗಾಡುವ ವಿಮಾನದ ಇಕ್ಕಟ್ಟಾದ ದಾರಿಯಲ್ಲಿ ನಡೆಸಿದರೆ ಅವರು ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವೇ ದೊಡ್ಡದು. ನುಂಗಿದ ಮೇಲೆ ನಡೆಯುವಂತಿಲ್ಲ, ನಡೆಯದಿದ್ದರೆ ಕಾಲಿಗೆ ಒಳ್ಳೆಯದಲ್ಲ. ಈ ಇಬ್ಬಂದಿಗೆ ಪೂರ್ತಿ ಪರಿಹಾರವಿಲ್ಲ. ಅದನ್ನು ಕಡಿಮೆ ಮಾಡಿಕೊಳ್ಳಬಹುದು ಅಷ್ಟೇ. ಗೇಟಿನ ಬಳಿ ಕಾಯುವಾಗ ಕೂರದೆ ಓಡಾಡಿ. ಮುಂದಿನ ಸೀಟಿನ ಕೆಳಗೆ ಬ್ಯಾಗು ಇಡಬೇಡಿ, ಮೇಲಿನ ಕಪಾಟಿಗೆ ಹಾಕಿಸಿ. ನಿದ್ದೆಯಲ್ಲಿ ಕಾಲು ಚಾಚಲು ಇರುವ ಜಾಗ ಅದೊಂದೇ. ಮಾತ್ರೆಗೆ ಮೊದಲು ಕೂತಲ್ಲೇ ಹಿಮ್ಮಡಿ ಊರಿ ಪಾದ ಎತ್ತುವುದು, ಬೆರಳು ಊರಿ ಹಿಮ್ಮಡಿ ಎತ್ತುವುದು ಐದು ನಿಮಿಷ ಮಾಡಿ. ಕಾಲು ಕತ್ತರಿ ಹಾಕದೆ, ಸೀಟು ಹಿಂದಕ್ಕೆ ಒರಗಿಸಿ ಮಲಗಿ. ಪೂರ್ತಿ ಎಚ್ಚರವಾದ ಮೇಲೆ, ಬೆಳಕು ಹಾಕಿದ ಮೇಲೆ, ಸೀಟಿನ ಬೆನ್ನು ಹಿಡಿದುಕೊಂಡು ಎದ್ದು ನಡೆಯಿರಿ.

ಅಪಾಯ ಹೆಚ್ಚಿರುವವರಿಗೆ ಮೊಣಕಾಲಿನವರೆಗಿನ ಒತ್ತಡದ ಕಾಲುಚೀಲ ನೆರವಾಗುತ್ತದೆ. ಡಾಕ್ಟರು 15ರಿಂದ 30 ಎಂಎಂಎಚ್‌ಜಿ ಒತ್ತಡದ್ದು ಎಂದು ಬರೆದುಕೊಡುತ್ತಾರೆ. ಅಂಗಡಿಯಲ್ಲಿ ಕಣಕಾಲು, ಮೀನಖಂಡದ ಸುತ್ತಳತೆ ತೆಗೆಸಿಯೇ ಕೊಳ್ಳಬೇಕು. ಸಡಿಲವಾದರೆ ಪ್ರಯೋಜನವಿಲ್ಲ, ಮೇಲಿನ ಅಂಚು ಸುತ್ತಿಕೊಂಡು ಮೊಣಕಾಲ ಕೆಳಗೆ ಕಟ್ಟುಹಾಕಿದಂತಾದರೆ ಹಾನಿಯೇ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು, ಕಾಲಿನ ರಕ್ತಸಂಚಾರ ಕುಂಠಿತವಾದವರು ವೈದ್ಯರನ್ನು ಕೇಳದೆ ಹಾಕಬಾರದು. ರಕ್ತ ತೆಳುವಾಗಲೆಂದು ಪ್ರಯಾಣದ ದಿನ ಆಸ್ಪಿರಿನ್ ನುಂಗುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಇದಕ್ಕೆಂದೇ ಅದನ್ನು ನುಂಗಬೇಡಿ ಎಂಬುದು ತಜ್ಞರ ಮಾರ್ಗಸೂಚಿ. ಹೃದಯಕ್ಕಾಗಿ ಈಗಾಗಲೇ ತೆಗೆದುಕೊಳ್ಳುತ್ತಿರುವವರು ಮುಂದುವರಿಸಲಿ.

ಗಾಢ ನಿದ್ದೆಯ ಇನ್ನೆರಡು ಮುಖ

ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ. ಮುಳ್ಳಯ್ಯನಗಿರಿಯ ತುದಿ 6,300 ಅಡಿ. ವಿಮಾನದಲ್ಲಿ ಎಲ್ಲರ ರಕ್ತದಲ್ಲೂ ಆಮ್ಲಜನಕ ಸ್ವಲ್ಪ ಇಳಿಯುತ್ತದೆ, ಆರೋಗ್ಯವಂತರಿಗೆ ಅದು ತಿಳಿಯುವುದೇ ಇಲ್ಲ. ಆದರೆ ಜೋರಾಗಿ ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ಕಟ್ಟಿ ಬೆಚ್ಚಿ ಏಳುವವರು, ಆಸ್ತಮಾ ಅಥವಾ ಬೀಡಿ-ಸಿಗರೇಟಿನಿಂದ ಶ್ವಾಸಕೋಶ ಹಾಳಾದವರು ಮಾತ್ರೆ ನುಂಗಿದರೆ ಗಂಟಲಿನ ಸ್ನಾಯುಗಳು ಇನ್ನಷ್ಟು ಸಡಿಲಗೊಂಡು, ಉಸಿರಾಟ ಇನ್ನಷ್ಟು ಕುಗ್ಗುತ್ತದೆ. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಭಯ. ಇವರಾರಿಗೂ ವಿಮಾನದಲ್ಲಿ ನಿದ್ದೆ ಮಾತ್ರೆ ಬೇಡ. ಗೊರಕೆಯ ವಿಷಯ ಗೊತ್ತಿರುವುದು ಪಕ್ಕದಲ್ಲಿ ಮಲಗುವವರಿಗೆ; ಡಾಕ್ಟರ ಬಳಿ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.

ಎರಡನೆಯದು ನೆನಪು. 1987ರಲ್ಲಿ ‘ಜಾಮಾ’ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಕೆಲವು ನರವಿಜ್ಞಾನಿಗಳ ಪ್ರಸಂಗ ಪ್ರಕಟವಾಯಿತು. ವಿಮಾನ ಪ್ರಯಾಣದಲ್ಲಿ ಟ್ರಯಜೋಲಾಮ್ ಎಂಬ ನಿದ್ದೆ ಮಾತ್ರೆಯನ್ನು ಮದ್ಯದ ಜೊತೆ ತೆಗೆದುಕೊಂಡಿದ್ದರು. ಇಳಿದ ಮೇಲೆ ಎಲ್ಲರಂತೆ ನಡೆದಾಡಿದರು, ಕೆಲಸ ಮಾಡಿದರು. ಆದರೆ ಆಮೇಲೆ ಅದಾವುದೂ ಅವರಿಗೆ ನೆನಪಿರಲಿಲ್ಲ. ಕಣ್ಣು ಬಿಟ್ಟಿದ್ದಾರೆ, ಮಾತಾಡುತ್ತಿದ್ದಾರೆ ಎಂದ ಮಾತ್ರಕ್ಕೆ ಮಾತ್ರೆಯ ಹಿಡಿತ ಬಿಟ್ಟಿದೆ ಎಂದಲ್ಲ. ಜೋಲ್ಪಿಡೆಮ್ ನುಂಗಿದ ಕೆಲವರು ನಿದ್ದೆಯಲ್ಲೇ ಎದ್ದು ನಡೆದಿದ್ದಾರೆ, ಕಾರು ಓಡಿಸಿದ್ದಾರೆ, ಅದರಿಂದ ಸತ್ತವರೂ ಇದ್ದಾರೆ. 2019ರಲ್ಲಿ ಎಫ್‌ಡಿಎ ಈ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರದಲ್ಲಿ ಚೌಕಟ್ಟಿನೊಳಗೆ, ಎದ್ದುಕಾಣುವಂತೆ ಮುದ್ರಿಸಬೇಕೆಂದು ಆದೇಶಿಸಿತು.

ಆದ್ದರಿಂದ ಜೀವನದಲ್ಲಿ ಮೊದಲ ಸಲ ನುಂಗುವ ಮಾತ್ರೆ ವಿಮಾನದಲ್ಲಿ ಆಗಿರಬಾರದು. ಡಾಕ್ಟರು ಬರೆದುಕೊಟ್ಟರೆ ಪ್ರಯಾಣಕ್ಕೆ ಒಂದೆರಡು ವಾರ ಮೊದಲು, ಮರುದಿನ ಯಾವ ಕೆಲಸವೂ ಇಲ್ಲದ ರಾತ್ರಿ, ಮನೆಯವರು ಜೊತೆಗಿರುವಾಗ ಒಮ್ಮೆ ತೆಗೆದುಕೊಂಡು ನೋಡಿ. ರಾತ್ರಿ ಎದ್ದು ಓಡಾಡಿದರೆ, ಏನೇನೋ ಮಾತಾಡಿದರೆ, ಬೆಳಿಗ್ಗೆ ಎಂಟು ಗಂಟೆ ಕಳೆದರೂ ಹೆಜ್ಜೆ ತೂರಾಡಿದರೆ ಆ ಮಾತ್ರೆ ನಿಮಗಲ್ಲ.

ಇಳಿಯುವ ಹೊತ್ತಿನ ಅರ್ಧ ಗಂಟೆ

ಹಿಂದೊಮ್ಮೆ ನನ್ನ ಮುಂದಿನ ಸಾಲಿನಲ್ಲಿ ವಯಸ್ಸಾದ ದಂಪತಿ ಕೂತಿದ್ದರು. ವಿಮಾನ ಇಳಿಯತೊಡಗಿದಾಗ ಆಕೆ ಗಂಡನ ಭುಜ ಅಲುಗಾಡಿಸುತ್ತಿದ್ದರು. ‘ರೀ, ಏಳ್ರೀ, ಇಳೀತಾ ಇದೆ. ಸೀಟು ನೇರ ಮಾಡ್ಕೋಬೇಕಂತೆ.’ ಅವರು ಕಣ್ಣು ತೆರೆದು, ‘ಹೂಂ, ಎದ್ದಿದೀನಿ’ ಎಂದು ಮತ್ತೆ ವಾಲಿದರು. ಗಗನಸಖಿ ಬಂದು ತಾನೇ ಸೀಟು ನೇರ ಮಾಡಿ ಬೆಲ್ಟು ಬಿಗಿದಳು. ನೆಲ ಮುಟ್ಟುವ ಹೊತ್ತಿಗೆ ಅವರು ಎರಡೂ ಕಿವಿ ಹಿಡಿದುಕೊಂಡು ನರಳುತ್ತಿದ್ದರು. ಎದ್ದು ನಿಂತಾಗ ಮೊಣಕಾಲು ಕುಸಿದು, ಹಿಂದಿನ ಯುವಕ ಹಿಡಿದುಕೊಳ್ಳಬೇಕಾಯಿತು.

ಕಿವಿನೋವಿಗೆ ಕಾರಣವಿದೆ. ವಿಮಾನ ಇಳಿಯುವಾಗ ಹೊರಗಿನ ಒತ್ತಡ ಏರುತ್ತ ಹೋಗುತ್ತದೆ. ಕಿವಿಯೊಳಗಿನ ಒತ್ತಡ ಅದಕ್ಕೆ ಸರಿಹೊಂದಬೇಕಾದರೆ ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆಯಬೇಕು. ಎಂಜಲು ನುಂಗಿದಾಗ, ಆಕಳಿಸಿದಾಗ ಅದು ತೆರೆಯುತ್ತದೆ. ಗಾಢ ನಿದ್ದೆಯಲ್ಲಿರುವವರು ನುಂಗುವುದು ತೀರಾ ಕಡಿಮೆ. ಹಾಗಾಗಿ ಇಳಿಯಲು ಶುರುವಾಗುವ ಮೊದಲೇ ಎಚ್ಚರವಿದ್ದು, ಒಂದು ಪೆಪ್ಪರ್‌ಮೆಂಟನ್ನೋ ಏಲಕ್ಕಿಯನ್ನೋ ಚೀಪುತ್ತಿರಬೇಕು. ನೆಗಡಿಯಿದ್ದವರಿಗೆ ಇದು ಇನ್ನೂ ಮುಖ್ಯ.

ಇದಕ್ಕಿಂತ ಗಂಭೀರವಾದದ್ದು ತುರ್ತು ನಿರ್ಗಮನ. ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ ಎಲ್ಲ ಪ್ರಯಾಣಿಕರನ್ನೂ 90 ಸೆಕೆಂಡಿನಲ್ಲಿ ಹೊರಗೆ ಕಳಿಸಬಹುದು ಎಂದು ತೋರಿಸಿದ ಮೇಲೆಯೇ ವಿಮಾನದ ಮಾದರಿಗೆ ಅನುಮತಿ ಸಿಗುತ್ತದೆ. ಅಪಘಾತಗಳು ಹೆಚ್ಚಾಗಿ ಆಗುವುದು ಏರುವಾಗ ಮತ್ತು ಇಳಿಯುವಾಗ. ಆ ಒಂದೂವರೆ ನಿಮಿಷದಲ್ಲಿ ಬೆಲ್ಟು ಬಿಚ್ಚಲಾರದೆ ಕೂತವರು ತಮ್ಮ ಸಾಲಿನವರ ದಾರಿಯನ್ನೂ ಕಟ್ಟಿಹಾಕುತ್ತಾರೆ. ಏರುವಾಗ ನುಂಗಬೇಡಿ, ಇಳಿಯುವ ಮೊದಲು ಪೂರ್ತಿ ಎದ್ದಿರಿ ಎನ್ನುವುದರ ಹಿಂದೆ ಈ ಕಾರಣವೂ ಇದೆ. ಮಾತ್ರೆ ನುಂಗುವವರು ಹೊದಿಕೆಯ ಮೇಲೆ ಕಾಣುವಂತೆ ಬೆಲ್ಟು ಹಾಕಿಕೊಳ್ಳಿ, ಜೊತೆಗಿರುವವರಿಗೆ ಏಳಿಸಬೇಕಾದ ಸಮಯ ಹೇಳಿ. ಒಬ್ಬರೇ ಹೋಗುವ ವಯಸ್ಸಾದವರಿಗೆ ನನ್ನ ಸಲಹೆ ನೇರವಾದದ್ದು: ನುಂಗಬೇಡಿ. ಬೇರೆ ದೇಶದ ಇಮಿಗ್ರೇಷನ್ ಕೌಂಟರಿನಲ್ಲಿ, ಗೊತ್ತಿಲ್ಲದ ಭಾಷೆಯ ಪ್ರಶ್ನೆಗಳಿಗೆ ಮಂಪರಿನಲ್ಲಿ ಉತ್ತರ ಕೊಡುವ ಕಷ್ಟವೂ ಬೇಡ. ಇಳಿದ ಮೇಲೆ ತಾವೇ ಕಾರು ಓಡಿಸಬೇಕಾದವರಿಗೂ ಇದೇ ಮಾತು.

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಎಲ್ಲೂ ನಿಲ್ಲದೆ ಹಾರಿದರೆ ಸುಮಾರು 16 ಗಂಟೆ ಬೇಕು. ಅಂಥ ಹಾರಾಟದಲ್ಲಿ ಊಟ ಮಾಡಿ, ಎರಡು ಗಂಟೆ ಬಿಟ್ಟು, ನಡೆದಾಡಿ ಆಮೇಲೆ ನುಂಗಿದರೂ ಇಳಿಯುವುದಕ್ಕೆ ಹತ್ತು ಗಂಟೆಗೂ ಹೆಚ್ಚು ಉಳಿದಿರುತ್ತದೆ. ಸಮಯದ ಮಟ್ಟಿಗೆ ಇದೇ ಸುರಕ್ಷಿತ. ಆದರೆ ನಿದ್ದೆ ಮುಗಿದ ಮೇಲೂ ನಾಲ್ಕೈದು ಗಂಟೆ ಉಳಿಯುತ್ತದಲ್ಲ, ಅಷ್ಟು ಹೊತ್ತು ಸಿನಿಮಾ ನೋಡುತ್ತ ಕೂರದೆ ಗಂಟೆಗೊಮ್ಮೆ ಎದ್ದು ನಡೆಯಬೇಕು. ಕಿಟಕಿ ಪಕ್ಕದ ಸೀಟು ನಿದ್ದೆಗೆ ಹಿತ, ಆದರೆ ಅಲ್ಲಿ ಕೂತವರು ಸಂಕೋಚದಿಂದ ಏಳುವುದೇ ಇಲ್ಲ. ಅಪಾಯ ಹೆಚ್ಚಿರುವವರಿಗೆ ಓಡಾಡುವ ದಾರಿ ಪಕ್ಕದ ಸೀಟೇ ಇರಲಿ.

ಚೀಟಿ, ಗಡಿ, ಮತ್ತು ಇಳಿದ ಮೇಲಿನ ದಿನಗಳು

ಜೋಲ್ಪಿಡೆಮ್, ಅಲ್ಪ್ರಾಜೋಲಾಮ್, ಡೈಯಾಜೆಪಾಮ್, ನೈಟ್ರಜೆಪಾಮ್ ಇವೆಲ್ಲ ನಮ್ಮಲ್ಲಿ ಎಚ್1 ಅನುಸೂಚಿಯಲ್ಲಿವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಈ ನಿಯಮದ ಪ್ರಕಾರ ಮೆಡಿಕಲ್ ಶಾಪಿನವರು ಚೀಟಿ ನೋಡಿಯೇ ಕೊಡಬೇಕು, ರೋಗಿಯ ಮತ್ತು ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು. ಅದೇ ಚೀಟಿ ಗಡಿ ದಾಟುವಾಗಲೂ ಬೇಕು. ಮಾತ್ರೆಯನ್ನು ಹೆಸರು ಓದಲು ಬರುವ ಅದರ ಸ್ಟ್ರಿಪ್ಪಿನಲ್ಲೇ ಒಯ್ಯಿರಿ. ಬಿಡಿಸಿ ಡಬ್ಬಿಗೆ ಹಾಕಬೇಡಿ. ಯುಎಇಯಂಥ ದೇಶಗಳಲ್ಲಿ ಈ ವರ್ಗದ ಔಷಧಗಳಿಗೆ ಮೊದಲೇ ಅನುಮತಿ ಪಡೆಯಬೇಕಾಗುತ್ತದೆ, ತಪ್ಪಿದರೆ ಕಾನೂನಿನ ತೊಡಕು. ಕೊಲ್ಲಿಯ ಯಾವುದೇ ನಗರದ ಮೂಲಕ ಹೋಗುವವರು ಆ ದೇಶದ ಆರೋಗ್ಯ ಇಲಾಖೆಯ ನಿಯಮ ನೋಡಿಕೊಂಡೇ ಹೊರಡಿ.

ಕೊನೆಯದಾಗಿ, ಕಾಲಿನ ಮೇಲೆ ಕಣ್ಣಿರಲಿ. ಇಳಿದ ದಿನ ಎರಡೂ ಪಾದ ಸಮನಾಗಿ ಊದಿ, ಒಂದೆರಡು ದಿನದಲ್ಲಿ ಇಳಿದರೆ ಅದು ಸಾಮಾನ್ಯ. ಒಂದೇ ಕಾಲು ಊದಿದರೆ, ಆ ಮೀನಖಂಡ ಮುಟ್ಟಿದರೆ ನೋವು, ಬಿಸಿ, ಕೆಂಪು ಅಥವಾ ನೀಲಿ ಛಾಯೆ ಕಂಡರೆ ಅದು ಹೆಪ್ಪಿನ ಲಕ್ಷಣವಿರಬಹುದು. ಇದು ಅದೇ ದಿನ ಕಾಣಬೇಕೆಂದಿಲ್ಲ. ಪ್ರಯಾಣವಾಗಿ ವಾರ ಕಳೆದ ಮೇಲೂ, ಮೂರು-ನಾಲ್ಕು ವಾರದವರೆಗೂ ಕಾಣಿಸಿಕೊಳ್ಳಬಹುದು. ‘ಕಾಲು ಉಳುಕಿರಬೇಕು’ ಎಂದು ಎಣ್ಣೆ ಹಚ್ಚಿ ನೀವಲು ಹೋಗಬೇಡಿ. ವೈದ್ಯರಿಗೆ ವಿಮಾನ ಪ್ರಯಾಣದ ದಿನಾಂಕ ತಿಳಿಸಿ, ಕಾಲಿನ ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ಕೇಳಿ. ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ತಲೆ ತಿರುಗಿ ಬಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಭಾರತದಲ್ಲಿದ್ದರೆ 108 ಅಥವಾ 112ಕ್ಕೆ, ಅಮೆರಿಕದಲ್ಲಿ 911ಕ್ಕೆ, ಯುರೋಪಿನಲ್ಲಿ 112ಕ್ಕೆ ಕೂಡಲೇ ಕರೆ ಮಾಡಿ. ಮಕ್ಕಳ ಮನೆಗೆ ಹೋಗಿರುವ ಹಿರಿಯರು ಪ್ರಯಾಣ ವಿಮೆಯ ಕಾಗದವನ್ನೂ ದಿನವೂ ನುಂಗುವ ಮಾತ್ರೆಗಳ ಪಟ್ಟಿಯನ್ನೂ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡಿರಿ. ಆಂಬುಲೆನ್ಸಿನವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಯಾವ ಔಷಧ ತೆಗೆದುಕೊಂಡಿದ್ದೀರಿ, ಎಷ್ಟು ಹೊತ್ತಿಗೆ ಎಂಬುದೂ ಇರುತ್ತದೆ. ವಿಮಾನದಲ್ಲಿ ನುಂಗಿದ ಆ ಒಂದು ಮಾತ್ರೆಯನ್ನೂ ಪಟ್ಟಿಯಲ್ಲಿ ಬರೆದಿಡಿ.